ಘಾಟಿಯ ಸುರಂಗದಲ್ಲಿ ಕರೆ ಕಡಿಯುವುದೇಕೆ: ಪುಣೆ–ಕರ್ಜತ್ ದಾರಿಯ ಒಂದು ದೋಷ ಪತ್ತೆ

ದೋಷದ ಲಕ್ಷಣ

ಪುಣೆಯಿಂದ ಡೊಂಬಿವಲಿಯ ಅಕ್ಕನ ಮನೆಗೆ ಹೋಗುವಾಗ ಧಾರವಾಡದಿಂದ ಅವ್ವನ ಫೋನು ಬರುವುದು ಹೆಚ್ಚುಕಡಿಮೆ ಲೋಣಾವಳ ದಾಟಿದ ಮೇಲೆಯೇ. ಖಂಡಾಲ ಕಳೆದು ರೈಲು ಇಳಿಜಾರಿಗೆ ಬಿದ್ದು, ಮೊದಲ ಒಂದೆರಡು ಸುರಂಗ ದಾಟುವವರೆಗೆ ಮಾತು ನಡೆಯುತ್ತದೆ. ಅನಂತರ ಯಾವುದೋ ಒಂದು ಸುರಂಗದ ಬಾಯಲ್ಲಿ ಅವ್ವ "ಹಲೋ, ನಿನ್ನ ದನಿ ಕೇಳಸವಲ್ದು ನೋಡು" ಎನ್ನುತ್ತಾಳೆ. ಅವಳ ಮಾತು ನನಗೆ ಇನ್ನೂ ಸ್ಪಷ್ಟವಾಗಿಯೇ ಕೇಳುತ್ತಿರುತ್ತದೆ. ಆಮೇಲೆ ಅದೂ ನಿಂತು ಕೆಲವು ಕ್ಷಣ ನಿಶ್ಶಬ್ದವಾಗುತ್ತದೆ, ಕೊನೆಗೆ ಕರೆ ಕಡಿಯುತ್ತದೆ. ರೈಲು ಆಚೆ ಬಂದ ಕೂಡಲೇ ಫೋನಿನಲ್ಲಿ ಸಿಗ್ನಲ್ಲಿನ ಎಲ್ಲ ಕಡ್ಡಿಗಳೂ ತುಂಬಿ ನಿಂತಿರುತ್ತವೆ.

ಮೊಬೈಲ್ ಜಾಲದ ಅಳತೆಯ ಕೆಲಸವೇ ನನ್ನ ವೃತ್ತಿಯಾದ್ದರಿಂದ ಈ ಲಕ್ಷಣವನ್ನು ಕೇಳಿದವರಿಗೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಮೊದಲು ಕೇಳಿಸದಂತಾದದ್ದು ಯಾರಿಗೆ? ಟವರ್ ಹತ್ತಾರು ವಾಟ್ ಶಕ್ತಿಯಲ್ಲಿ ಕಳುಹಿಸುತ್ತದೆ. ಕೈಯಲ್ಲಿರುವ ಫೋನು ಹೆಚ್ಚೆಂದರೆ 200 ಮಿಲಿವಾಟ್, ಅಂದರೆ ಒಂದು ವಾಟಿನ ಐದನೆಯ ಒಂದು ಪಾಲು ಮಾತ್ರ ಹೊರಡಿಸಬಲ್ಲದು. ಹೀಗಾಗಿ ಸಿಗ್ನಲ್ ಸೊರಗುವಾಗ ಟವರಿನ ಮಾತು ಫೋನಿಗೆ ತಲುಪುತ್ತಿರುವಾಗಲೇ ಫೋನಿನ ಮಾತು ಟವರಿಗೆ ತಲುಪದಂತಾಗುತ್ತದೆ. ಪ್ರಯಾಣಿಕರ ದನಿ ಮೊದಲು ಅಡಗಿ, ಆಮೇಲೆ ಆ ಕಡೆಯವರ ದನಿ ಅಡಗಿ, ಕೊನೆಗೆ ಕರೆ ಕಡಿದರೆ ದೋಷವು ರೇಡಿಯೋ ದಾರಿಯಲ್ಲಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಎರಡೂ ಕಡೆ ದನಿ ಚೆನ್ನಾಗಿದ್ದು, ನಡುವೆ ನಿಶ್ಶಬ್ದವೇ ಇಲ್ಲದೆ ಒಮ್ಮೆಲೇ ಕಡಿದರೆ ಅದು ಬೇರೆಯೇ ರೋಗ. ಅದನ್ನು ಮುಂದೆ ಬೇರೊಂದು ಭಾಗದಲ್ಲಿ ಸಂಕ್ಷೇಪವಾಗಿ ನೋಡೋಣ.

ಬಯಲಿನಲ್ಲಿ ಏನು ನಡೆಯುತ್ತದೆ

ದೋಷವನ್ನು ಗುರುತಿಸಬೇಕಾದರೆ ದೋಷವಿಲ್ಲದ ನಡೆ ಹೇಗಿರುತ್ತದೆ ಎಂಬುದು ತಿಳಿದಿರಬೇಕು. ಅದಕ್ಕೆ ಕರ್ಜತ್‌ನಿಂದ ಕಲ್ಯಾಣದ ಕಡೆಗಿನ ಬಯಲು ದಾರಿ ಒಳ್ಳೆಯ ಮಾದರಿ. ಟವರಿನ ಒಂದು ಆಂಟೆನಾ ಸಿಗ್ನಲ್ ಒದಗಿಸುವ ಪ್ರದೇಶಕ್ಕೆ ಸೆಲ್ ಎನ್ನುತ್ತಾರೆ. ಕರೆ ನಡೆಯುತ್ತಿರುವಾಗ ಫೋನು ತಾನು ಆತುಕೊಂಡಿರುವ ಸೆಲ್ಲಿನ ಸಿಗ್ನಲ್ಲನ್ನೂ ಸುತ್ತಲಿನ ನೆರೆ ಸೆಲ್ಲುಗಳ ಸಿಗ್ನಲ್ಲನ್ನೂ ಒಂದೇ ಸಮನೆ ಅಳೆಯುತ್ತಿರುತ್ತದೆ. ಒಂದು ನೆರೆ ಸೆಲ್ ಈಗಿನ ಸೆಲ್ಲಿಗಿಂತ ನಿಗದಿತ ಅಂತರದಷ್ಟು, ಸಾಮಾನ್ಯವಾಗಿ 2 ಅಥವಾ 3 ಡೆಸಿಬೆಲ್‌ನಷ್ಟು, ಬಲವಾಗಿ ಕಂಡು, ಆ ಸ್ಥಿತಿ ನಿಗದಿತ ಹೊತ್ತು, ಉದಾಹರಣೆಗೆ 320 ಮಿಲಿಸೆಕೆಂಡ್, ಹಾಗೆಯೇ ಉಳಿದರೆ ಫೋನು ತನ್ನ ಟವರಿಗೆ ವರದಿ ಕಳುಹಿಸುತ್ತದೆ. ನಮ್ಮ ಕೆಲಸದ ಮಾತಿನಲ್ಲಿ ಇದು 'ಎ3 ವರದಿ'. ಈ ಕಾಯುವಿಕೆಗೂ ಅರ್ಥವಿದೆ. ಮರದ ನೆರಳು, ಎದುರು ಬರುವ ರೈಲು ಮುಂತಾದ ಕ್ಷಣಿಕ ಏರಿಳಿತಕ್ಕೆಲ್ಲ ಫೋನು ಅತ್ತಿಂದಿತ್ತ ಜಿಗಿಯಬಾರದು.

ವರದಿ ಸಿಕ್ಕ ಮೇಲೆ ಹಳೆಯ ಟವರ್ ಹೊಸ ಟವರಿನೊಂದಿಗೆ ಮಾತಾಡಿ, ಈ ಫೋನಿನ ದಾಖಲೆಯನ್ನು ಮೊದಲೇ ಅದಕ್ಕೆ ಒಪ್ಪಿಸಿ, ಜಾಗ ಕಾಯ್ದಿರಿಸಿ, ಆಮೇಲೆ ಫೋನಿಗೆ 'ಇಂಥ ಸೆಲ್ಲಿಗೆ ಹೋಗು' ಎಂದು ಅಪ್ಪಣೆ ಕೊಡುತ್ತದೆ. ಕರೆಯನ್ನು ಹೀಗೆ ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ದಾಟಿಸುವುದೇ ಹ್ಯಾಂಡ್‌ಓವರ್. ಫೋನು ಹಳೆಯ ಸೆಲ್ಲನ್ನು ಬಿಟ್ಟು ಹೊಸದನ್ನು ಹಿಡಿಯುವ ನಡುವೆ ಮಾತು ನಿಲ್ಲುವುದು ಕೆಲವೇ ಹತ್ತು ಮಿಲಿಸೆಕೆಂಡ್. ದನಿಯ ಪೊಟ್ಟಣಗಳು 20 ಮಿಲಿಸೆಕೆಂಡಿಗೊಂದರಂತೆ ಸಾಗುವುದರಿಂದ ಎರಡು ಮೂರು ಪೊಟ್ಟಣ ತಡವಾದರೂ ಕಿವಿಗೆ ಅದು ತಿಳಿಯುವುದೇ ಇಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ವರದಿಯೂ ಅಪ್ಪಣೆಯೂ ಸಾಗುವುದು ಹಳೆಯ ಸೆಲ್ಲಿನ ಮೂಲಕವೇ. ಆದ್ದರಿಂದ ಹೊಸ ಸೆಲ್ ಬಲವಾಗುವ ಹೊತ್ತಿಗೆ ಹಳೆಯದು ಇನ್ನೂ ಬದುಕಿರಲೇಬೇಕು. ಎರಡನೆಯದಾಗಿ, ಹೊಸ ಟವರ್ ಫೋನು ಬರುವ ಮುಂಚೆಯೇ ಅದರ ದಾಖಲೆಯನ್ನು ಪಡೆದಿರುತ್ತದೆ. ಸುರಂಗ ಇವೆರಡನ್ನೂ ಒಟ್ಟಿಗೆ ಕೆಡಿಸುತ್ತದೆ.

ರೈಲಿನ ವೇಗದ ಮೇಲೆ ತಪ್ಪು ಹೊರಿಸುವ ಮುನ್ನ

'ರೈಲು ವೇಗವಾಗಿ ಓಡುವುದರಿಂದ ಟವರ್ ಹಿಡಿಯಲು ಆಗುವುದಿಲ್ಲ' ಎಂಬ ಮಾತನ್ನು ನಾನು ಬೋಗಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಗಂಟೆಗೆ 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್. ಅಳತೆ, ಕಾಯುವಿಕೆ, ವರದಿ, ಅಪ್ಪಣೆ ಎಲ್ಲ ಸೇರಿ ಒಂದು ಸೆಕೆಂಡ್ ಹಿಡಿಯಿತೆಂದರೂ ರೈಲು ಸಾಗಿದ್ದು 20 ಮೀಟರ್ ಮಾತ್ರ. ಬಯಲಿನಲ್ಲಿ ಎರಡು ಸೆಲ್ಲುಗಳು ಒಟ್ಟಿಗೆ ಕಾಣುವ ಪಟ್ಟಿ ನೂರಾರು ಮೀಟರ್ ಉದ್ದ ಇರುತ್ತದೆ. ಚಲನೆಯಿಂದ ಅಲೆಯ ಕಂಪನಾಂಕ ಸರಿಯುವ ಡಾಪ್ಲರ್ ಪರಿಣಾಮವೂ ಕಾರಣವಲ್ಲ: 1800 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಈ ವೇಗಕ್ಕೆ ಅದು ಸುಮಾರು 120 ಹರ್ಟ್ಸ್, ಆದರೆ 4ಜಿಯ ಉಪವಾಹಕ ಅಲೆಗಳ ನಡುವಿನ ಅಂತರ 15,000 ಹರ್ಟ್ಸ್.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಈ ಘಾಟಿಯೇ. ಕರ್ಜತ್ ಮತ್ತು ಲೋಣಾವಳದ ನಡುವಿನ ಭೋರ್ ಘಾಟಿನ ದಾರಿ 1863ರಲ್ಲಿ ತೆರೆದದ್ದು. ಅದರ ಕಡಿದಾದ ಭಾಗದಲ್ಲಿ ಪ್ರತಿ 37 ಅಡಿಗೆ ಒಂದು ಅಡಿ ಏರು. ಇವತ್ತಿಗೂ ಏರುವ ರೈಲುಗಳಿಗೆ ಕರ್ಜತ್‌ನಲ್ಲಿ ಹಿಂದಿನಿಂದ ಹೆಚ್ಚುವರಿ ಇಂಜಿನ್ನುಗಳನ್ನು ಜೋಡಿಸುತ್ತಾರೆ. ಇಳಿಯುವಾಗ ನನ್ನ ಫೋನಿನ ಜಿಪಿಎಸ್ ಗಂಟೆಗೆ 30 ಕಿಲೋಮೀಟರಿನ ಆಸುಪಾಸನ್ನೇ ತೋರಿಸುತ್ತದೆ. ಇಡೀ ಪ್ರಯಾಣದಲ್ಲಿ ರೈಲು ಅತಿ ನಿಧಾನವಾಗಿ ಸಾಗುವ ಭಾಗದಲ್ಲೇ ಕರೆ ಅತಿ ಹೆಚ್ಚು ಸಲ ಕಡಿಯುತ್ತದೆ. ಆಮೇಲೆ ಕಾಣುವಂತೆ, ಸುರಂಗದ ಒಳಗೆ ನಿಧಾನವೇ ಶತ್ರು.

ಅಳೆಯುವ ಬಗೆ

ಸಿಗ್ನಲ್ ಕಡ್ಡಿಗಳನ್ನು ನೋಡಿ ದೋಷ ಹುಡುಕಲು ಹೋಗಬಾರದು. ಅವು ಒರಟು ಲೆಕ್ಕ, ತಡವಾಗಿಯೂ ಬದಲಾಗುತ್ತವೆ. ಆಂಡ್ರಾಯ್ಡ್ ಫೋನಿನ ಡಯಲರ್‌ನಲ್ಲಿ `*#*#4636#*#*` ಒತ್ತಿದರೆ ಅನೇಕ ಫೋನುಗಳಲ್ಲಿ ಪರೀಕ್ಷಾ ಪುಟ ತೆರೆಯುತ್ತದೆ. ಐಫೋನಿನಲ್ಲಿ `*3001#12345#*` ಒತ್ತಿ ಕರೆಯ ಗುಂಡಿ ಅದುಮಬೇಕು. ಅಲ್ಲಿ ನಮಗೆ ಬೇಕಾದುವು ಎರಡೇ. `RSRP` ಎಂಬುದು ಸಿಗ್ನಲ್ಲಿನ ಬಲ: −80 ಡಿಬಿಎಂ ಒಳ್ಳೆಯದು, −110 ಸೊರಗಿದ್ದು, −120ರ ಕೆಳಗೆ ಕರೆ ಉಳಿಯುವುದು ಕಷ್ಟ. `PCI` ಎಂಬುದು ಸೆಲ್ಲಿನ ಗುರುತು ಸಂಖ್ಯೆ. 4ಜಿಯಲ್ಲಿ ಅದು 0ಯಿಂದ 503ರೊಳಗೆ ಇರುತ್ತದೆ. ಸಂಖ್ಯೆ ಬದಲಾಯಿತೆಂದರೆ ಫೋನು ಸೆಲ್ ಬದಲಾಯಿಸಿತು ಎಂದರ್ಥ.

ಲ್ಯಾಪ್‌ಟಾಪ್ ಜೊತೆಗಿದ್ದು, ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ತೆರೆದಿದ್ದರೆ ಈ ಕೆಳಗಿನ ಆದೇಶವನ್ನು ಆಗಾಗ ಓಡಿಸಿ ಬಲದ ಅಂಕಿಯನ್ನು ಬರೆದಿಟ್ಟುಕೊಳ್ಳಬಹುದು:

```
adb shell "dumpsys telephony.registry | grep -i rsrp"
```

ಪರೀಕ್ಷೆಗೆ ಮುನ್ನ ಫೋನನ್ನು 4ಜಿಗೆ ಮಾತ್ರ ನಿಲ್ಲಿಸಬೇಕು. ಇಲ್ಲವಾದರೆ 5ಜಿ ಫೋನು ಕರೆಯ ವೇಳೆಗೆ ತಾನೇ ಜಾಲ ಬದಲಾಯಿಸಿ ಲೆಕ್ಕವನ್ನು ಗೊಂದಲಗೊಳಿಸಬಹುದು. ಕುಳಿತುಕೊಳ್ಳುವ ಜಾಗವೂ ಮುಖ್ಯ. ಹವಾನಿಯಂತ್ರಿತ ಬೋಗಿಯ ಲೋಹಲೇಪಿತ ಗಾಜು ಸಿಗ್ನಲ್ಲನ್ನು ಹತ್ತಿಪ್ಪತ್ತು ಡೆಸಿಬೆಲ್‌ನಷ್ಟು ಸುಲಭವಾಗಿ ತಗ್ಗಿಸುತ್ತದೆ; ಅಂದರೆ ಸುರಂಗಕ್ಕೆ ಹೊಗುವ ಮೊದಲೇ ನಮ್ಮ ಉಳಿತಾಯವೆಲ್ಲ ಖರ್ಚಾಗಿರುತ್ತದೆ. ಸಾಮಾನ್ಯ ಬೋಗಿಯ ತೆರೆದ ಕಿಟಕಿಯ ಪಕ್ಕ ಕುಳಿತು ಅಳೆದರೆ ಸುರಂಗದ ತಪ್ಪು ಯಾವುದು, ಬೋಗಿಯ ತಪ್ಪು ಯಾವುದು ಎಂದು ಬೇರ್ಪಡಿಸಬಹುದು. ಬಾಗಿಲ ಬಳಿ ಮಾತ್ರ ನಿಲ್ಲಬೇಡಿ. ಘಾಟಿಯ ಸುರಂಗದ ಗೋಡೆ ಬೋಗಿಗೆ ಬಹಳ ಹತ್ತಿರದಲ್ಲಿರುತ್ತದೆ.

ಒಂದು ಸುರಂಗದ ಲೆಕ್ಕ

ಮಂಕಿ ಹಿಲ್ ಕಳೆದು ಠಾಕೂರ್‌ವಾಡಿಯ ಕಡೆಗೆ ಇಳಿಯುವಾಗ ಬರುವ ಒಂದು ಸುರಂಗವನ್ನು ನಾನು ಹೀಗೆ ಅಳೆದೆ. ಅಕ್ಕನ ಮಗನಿಗೆ ಕರೆ ಮಾಡಿ, ಅವನು ಆ ಕಡೆ ಒಂದರಿಂದ ಎಣಿಸುತ್ತ ಹೋಗಬೇಕು, ನಾನು ಈ ಕಡೆ ಎಣಿಸುತ್ತ ಹೋಗಬೇಕು ಎಂದು ಗೊತ್ತು ಮಾಡಿದ್ದೆವು. ಯಾರ ಎಣಿಕೆ ಎಲ್ಲಿ ನಿಂತಿತು ಎಂಬುದು ಆಮೇಲೆ ಹೋಲಿಸಿದಾಗ ಸೆಕೆಂಡಿನ ಲೆಕ್ಕದಲ್ಲೇ ಸಿಗುತ್ತದೆ. ಇದಕ್ಕಿಂತ ಅಗ್ಗವಾದ, ಇಷ್ಟು ನಂಬಬಹುದಾದ ಸಾಧನ ನನಗೆ ಗೊತ್ತಿಲ್ಲ.

ಸುರಂಗದ ಬಾಯಿಗೆ ಬರುವ ಹೊತ್ತಿಗೆ ಫೋನು ಹಿಡಿದಿದ್ದ ಸೆಲ್ಲಿನ `PCI` 212, ಬಲ −94. ಕರೆಗೆ ಇದು ಸಾಕಷ್ಟು ಒಳ್ಳೆಯ ಸ್ಥಿತಿ. ನೆರೆ ಸೆಲ್ಲುಗಳ ಸಾಲಿನಲ್ಲಿ 87 ಎಂಬುದು ಒಮ್ಮೊಮ್ಮೆ −112ರಲ್ಲಿ ಮಿಂಚಿ ಮರೆಯಾಗುತ್ತಿತ್ತು. ಬೋಗಿ ಒಳಗೆ ಹೊಕ್ಕು ಎರಡು ಮೂರು ಸೆಕೆಂಡಿನಲ್ಲಿ −94 ಇದ್ದದ್ದು −121ಕ್ಕೆ ಇಳಿಯಿತು. ಇಪ್ಪತ್ತೇಳು ಡೆಸಿಬೆಲ್ ಎಂದರೆ ಶಕ್ತಿ ಸುಮಾರು ಐನೂರರಲ್ಲಿ ಒಂದು ಪಾಲಿಗೆ ಕುಗ್ಗಿತು ಎಂದರ್ಥ. ಸುರಂಗ ತಿರುವಿನದು, ಆಚೆಯ ಬಾಯಿ ಈಚೆಯಿಂದ ಕಾಣುವುದಿಲ್ಲ. ನೇರವಾದ ಕಿರುಸುರಂಗವಾದರೆ ಅಲೆಗಳು ಕೊಳವೆಯಲ್ಲಿ ಸಾಗುವಂತೆ ಸ್ವಲ್ಪ ದೂರ ಒಳಗೆ ಬರುತ್ತವೆ. ತಿರುವಿದ್ದರೆ, ಅದರಲ್ಲೂ ಬೋಗಿಗಳೇ ಸುರಂಗದ ಬಹುಭಾಗವನ್ನು ತುಂಬಿಕೊಂಡಿದ್ದರೆ, ಆ ದಾರಿಯೂ ಮುಚ್ಚುತ್ತದೆ. ರೈಲು ಆಚೆ ಬಂದದ್ದು ಒಟ್ಟು ಹನ್ನೊಂದು ಸೆಕೆಂಡಿಗೆ. ಬಂದ ಕೂಡಲೇ ಪುಟದಲ್ಲಿ 87, ಬಲ −90. 212ರ ಸುಳಿವೇ ಇಲ್ಲ. ಕರೆ ಅಷ್ಟರಲ್ಲಿ ಹೋಗಿತ್ತು.

ಈ ಅಂಕಿಗಳನ್ನು ಮುಂದಿಟ್ಟುಕೊಂಡರೆ ಕಾರಣ ತಾನೇ ಬಿಚ್ಚಿಕೊಳ್ಳುತ್ತದೆ. 212ರ ಆಂಟೆನಾ ಗುಡ್ಡದ ಈ ಮೈಯಲ್ಲಿದೆ, 87ರದ್ದು ಆ ಮೈಯಲ್ಲಿ. ಎರಡೂ ಸಮಬಲದಲ್ಲಿ ಕಾಣುವ ಜಾಗವೇ ಹಳಿಯ ಮೇಲೆ ಎಲ್ಲೂ ಇಲ್ಲ. 87ನ್ನು 212ಕ್ಕಿಂತ ಬಲವಾಗಿ ಕಂಡ ಮೇಲೆ ತಾನೆ ಫೋನು ವರದಿ ಕಳುಹಿಸಬೇಕು? ಹೊರಗಿದ್ದಾಗ 87 ಹದಿನೆಂಟು ಡೆಸಿಬೆಲ್‌ನಷ್ಟು ಹಿಂದಿತ್ತು. ಒಳಗೆ ಹೋದ ಮೇಲೆ ಎರಡೂ ಸತ್ತವು. ಹೀಗಾಗಿ ಇಲ್ಲಿ ಹ್ಯಾಂಡ್‌ಓವರ್ ವಿಫಲವಾಯಿತು ಎಂದು ಬರೆಯುವುದು ತಪ್ಪು. ಅದು ಶುರುವೇ ಆಗಲಿಲ್ಲ. ಈ ಭೇದ ಮುಖ್ಯ, ಏಕೆಂದರೆ ಅಂತರ, ಕಾಯುವ ಹೊತ್ತು ಮುಂತಾದ ಹ್ಯಾಂಡ್‌ಓವರ್ ಸೆಟ್ಟಿಂಗ್‌ಗಳನ್ನು ಎಷ್ಟು ತಿರುಗಿಸಿದರೂ ಈ ದೋಷ ಹೋಗುವುದಿಲ್ಲ.

ಇನ್ನು ಕರೆ ಕಡಿಯುವ ಕ್ಷಣವನ್ನು ನಿರ್ಧರಿಸುವುದು ಎರಡು ಟೈಮರ್‌ಗಳು. ಸೆಲ್ಲಿನ ಆದೇಶಗಳನ್ನು ಓದಲು ಆಗುತ್ತಿಲ್ಲ ಎಂದು ಫೋನಿಗೆ ಸತತವಾಗಿ ಕಂಡುಬಂದಾಗ ಟಿ310 ಎಂಬ ಗಡಿಯಾರ ಓಡತೊಡಗುತ್ತದೆ; ಸಾಮಾನ್ಯವಾಗಿ ಅದಕ್ಕೆ ಒಂದು ಸೆಕೆಂಡಿನ ಅವಧಿ ಕೊಟ್ಟಿರುತ್ತಾರೆ. ಅಷ್ಟರಲ್ಲಿ ಸಿಗ್ನಲ್ ಮರಳದಿದ್ದರೆ ಕೊಂಡಿ ಮುರಿಯಿತು ಎಂದು ಫೋನು ತೀರ್ಮಾನಿಸಿ, ಟಿ311 ಎಂಬ ಎರಡನೆಯ ಗಡಿಯಾರ ಓಡುವಷ್ಟು ಹೊತ್ತು ಯಾವುದಾದರೂ ಸೆಲ್ಲಿಗಾಗಿ ಹುಡುಕುತ್ತದೆ. ಇದು ಮೂರು ಸೆಕೆಂಡ್ ಎಂದು ಇಟ್ಟುಕೊಳ್ಳೋಣ. ಎರಡೂ ಸೇರಿ ನಾಲ್ಕು ಸೆಕೆಂಡ್. ಅದೂ ಮುಗಿದರೆ ಫೋನು ಸಂಪರ್ಕವನ್ನು ಕೈಬಿಡುತ್ತದೆ. ಅತ್ತ ಜಾಲವೂ ಆ ಕರೆಗಾಗಿ ತೆಗೆದಿರಿಸಿದ್ದ ದನಿಯ ದಾರಿಯನ್ನು ಹಿಂದಕ್ಕೆ ಪಡೆಯುತ್ತದೆ.

ಈಗ ನಾಲ್ಕು ಸೆಕೆಂಡನ್ನು ಮೀಟರಿಗೆ ಬದಲಾಯಿಸಿ ನೋಡಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ರೈಲು ಸೆಕೆಂಡಿಗೆ ಸುಮಾರು 8.3 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡಿಗೆ 33 ಮೀಟರ್. ನಾನು ಅಳೆದ ಸುರಂಗ ಹನ್ನೊಂದು ಸೆಕೆಂಡಿನದು, ಅಂದರೆ ಸುಮಾರು 90 ಮೀಟರ್. ಹೊಕ್ಕ ಮೊದಲ ಎರಡು ಮೂರು ಸೆಕೆಂಡ್ ಸಿಗ್ನಲ್ ಉಳಿದಿತ್ತು ಎಂದು ಕಳೆದರೂ ಎಂಟು ಸೆಕೆಂಡ್ ಕತ್ತಲೆಯೇ. ಅದೇ ಸುರಂಗವನ್ನು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ದಾಟಿದ್ದರೆ ನಾಲ್ಕೂವರೆ ಸೆಕೆಂಡ್ ಸಾಕಾಗುತ್ತಿತ್ತು. ಫೋನು ಗಡುವಿನೊಳಗೆ ಬೆಳಕಿಗೆ ಬಂದು ಹುಡುಕಾಟದಲ್ಲೇ 87ನ್ನು ಹಿಡಿಯುತ್ತಿತ್ತು. ಸುರಂಗದ ಉದ್ದ ಮೀಟರಿನಲ್ಲಿದೆ, ಗಡಿಯಾರ ಸೆಕೆಂಡಿನಲ್ಲಿದೆ. ನಿಧಾನವಾದ ರೈಲು ಕತ್ತಲೆಯನ್ನು ಉದ್ದ ಮಾಡುತ್ತದೆ. ಠಾಣೆ ಮತ್ತು ದಿವಾ ನಡುವಿನ ಪಾರ್ಸಿಕ್ ಸುರಂಗವಾದರೋ ಸುಮಾರು 1.3 ಕಿಲೋಮೀಟರ್. ಒಳಗೆ ಸಿಗ್ನಲ್ಲಿನ ಏರ್ಪಾಡಿಲ್ಲದ ಅಷ್ಟು ಉದ್ದದ ಸುರಂಗವನ್ನು 72ರ ವೇಗದಲ್ಲಿ ದಾಟಲು ಒಂದು ನಿಮಿಷಕ್ಕೂ ಮಿಕ್ಕಿ ಬೇಕು. ಅಂಥ ಕಡೆ ಟೈಮರ್‌ಗಳ ಲೆಕ್ಕಕ್ಕೆ ಅರ್ಥವೇ ಇಲ್ಲ.

ಗಡುವಿನೊಳಗೆ ಹೊರಬಂದರೂ ಒಂದು ತೊಡಕು ಉಳಿಯುತ್ತದೆ. ಫೋನು 87ರ ಬಾಗಿಲು ತಟ್ಟಿ ನನ್ನ ಕರೆಯನ್ನು ಮುಂದುವರಿಸು ಎಂದು ಕೇಳಿದಾಗ, ಆ ಟವರಿನ ಬಳಿ ಈ ಫೋನಿನ ದಾಖಲೆ ಇರಬೇಕು, ಅಥವಾ ಹಳೆಯ ಟವರಿನಿಂದ ಆ ಕ್ಷಣದಲ್ಲೇ ತರಿಸಿಕೊಳ್ಳುವ ಏರ್ಪಾಡು ಇರಬೇಕು. ಬಯಲಿನ ಹ್ಯಾಂಡ್‌ಓವರಿನಲ್ಲಿ ದಾಖಲೆ ಮೊದಲೇ ತಲುಪಿರುತ್ತದೆ ಎಂದೆನಲ್ಲ. ಇಲ್ಲಿ ವರದಿಯೇ ಹೋಗಿಲ್ಲವಾದ್ದರಿಂದ ಅದು ತಲುಪಿರುವುದಿಲ್ಲ. ತರಿಸಿಕೊಳ್ಳುವ ಏರ್ಪಾಡು ಇಲ್ಲದಿದ್ದರೆ 87 ವಿನಂತಿಯನ್ನು ತಳ್ಳಿಹಾಕುತ್ತದೆ. ಸುರಂಗದ ಒಳಗೆ ನಿಶ್ಶಬ್ದವಿದ್ದರೂ ಜೀವ ಹಿಡಿದುಕೊಂಡಿದ್ದ ಕರೆ, ಹೊರಗೆ ಬಂದು ಸಿಗ್ನಲ್ ತುಂಬಿದ ಕ್ಷಣದಲ್ಲೇ ಕಡಿದರೆ, ಕಾರಣ ಬಹುತೇಕ ಇದೇ. ಪ್ರಯಾಣಿಕರಿಗೆ ಇದು ಅತ್ಯಂತ ಅನ್ಯಾಯವೆನಿಸುವ ಬಗೆ. ದುರಸ್ತಿ ಮಾಡುವವರಿಗೆ ಮಾತ್ರ ಇದು ಸುಲಭದ್ದು, ಏಕೆಂದರೆ ಕಂಬ ನೆಡದೆ, ಕೇಬಲ್ ಎಳೆಯದೆ, ಎರಡು ಟವರ್‌ಗಳ ನಡುವೆ ದಾಖಲೆ ತರಿಸುವ ಸೌಲಭ್ಯವನ್ನು ಚಾಲೂ ಮಾಡಿದರೆ ಸಾಕಾಗಬಹುದು.

ಬೇರೆ ರೋಗಗಳನ್ನು ಬೇರ್ಪಡಿಸುವುದು

ಬಯಲಿನಲ್ಲಿ, ಬಲ −85ರ ಆಸುಪಾಸಿನಲ್ಲಿರುವಾಗ, ಪ್ರತಿ ಸಲವೂ ಅದೇ ಜಾಗದಲ್ಲಿ ಕರೆ ಕಡಿದರೆ ಸುರಂಗದ ತರ್ಕವನ್ನು ಅಲ್ಲಿಗೆ ಎಳೆಯಬಾರದು. ಹೊಸ ಸೆಲ್ಲಿನಲ್ಲಿ ಜಾಗ ಇಲ್ಲದಿರಬಹುದು. ಅಥವಾ ಹತ್ತಿರದ ಎರಡು ಸೆಲ್ಲುಗಳಿಗೆ ಒಂದೇ `PCI` ಕೊಟ್ಟಿದ್ದರಿಂದ ಹಳೆಯ ಟವರ್ ಫೋನಿನ ದಾಖಲೆಯನ್ನು ತಪ್ಪು ಟವರಿಗೆ ಒಪ್ಪಿಸುತ್ತಿರಬಹುದು. ಒಂದೇ ಬೋಗಿಯಲ್ಲಿ ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನಿನಲ್ಲಿ ಅದೇ ಹೊತ್ತಿಗೆ ಕರೆ ನಡೆಸಿ ನೋಡಿದರೆ ಬಹಳಷ್ಟು ತಿಳಿಯುತ್ತದೆ: ಎರಡೂ ಒಂದೇ ಕಡೆ ಕಡಿದರೆ ಗುಡ್ಡದ ತಪ್ಪು, ಒಂದು ಮಾತ್ರ ಕಡಿದರೆ ಆ ಜಾಲದ ತಪ್ಪು.

ದೂರು ಬರೆಯುವಾಗ

'ಘಾಟಿನಲ್ಲಿ ಕಾಲ್ ಕಟ್ ಆಗುತ್ತದೆ' ಎಂದು ಬರೆದ ನನ್ನ ಮೊದಲ ದೂರಿಗೆ 'ಫೋನ್ ಆಫ್ ಮಾಡಿ ಆನ್ ಮಾಡಿ' ಎಂಬ ಉತ್ತರ ಬಂದಿತ್ತು. ಎರಡನೆಯ ಸಲ ಹಳಿಯ ಪಕ್ಕದ ಕಂಬದ ಮೇಲೆ ಬರೆದಿರುವ ಕಿಲೋಮೀಟರ್ ಸಂಖ್ಯೆ, ರೈಲು ಹೋಗುತ್ತಿದ್ದ ದಿಕ್ಕು, ಗಂಟೆ ನಿಮಿಷ, ಒಳಗೆ ಹೋಗುವ ಮುಂಚಿನ ಸೆಲ್ 212, ಹೊರಗೆ ಬಂದ ಮೇಲಿನ ಸೆಲ್ 87, ಕತ್ತಲೆಯ ಅವಧಿ, ಮೊದಲು ಯಾರ ದನಿ ನಿಂತಿತು, ಇಷ್ಟನ್ನು ಬರೆದೆ. ಆಗ ವಿಷಯ ತಿಳಿದವರಿಂದಲೇ ಮರುಕರೆ ಬಂದಿತು. ದಿಕ್ಕನ್ನು ಬಿಡದೆ ಬರೆಯಬೇಕು. ಏರುವಾಗ 87ರಿಂದ 212ಕ್ಕೆ ಹೋಗುವ ಕತೆಯೇ ಬೇರೆ ಇರಬಹುದು.

ಪರಿಹಾರದಲ್ಲಿ ಏನನ್ನು ಪರೀಕ್ಷಿಸಬೇಕು

ಟಿ311ರ ಅವಧಿಯನ್ನು ನಿಯಮದ ಪ್ರಕಾರ 30 ಸೆಕೆಂಡಿನವರೆಗೂ ಹೆಚ್ಚಿಸಬಹುದು. ಘಾಟಿಯ ಕೆಲವೇ ಸೆಲ್ಲುಗಳಲ್ಲಿ ಅದನ್ನು ಹತ್ತು ಸೆಕೆಂಡಿಗೆ ಏರಿಸಿ, ದಾಖಲೆ ತರಿಸುವ ಏರ್ಪಾಡನ್ನೂ ಜೊತೆಗೆ ಕೊಟ್ಟರೆ ನೂರು ಮೀಟರ್ ಒಳಗಿನ ಸುರಂಗಗಳಲ್ಲಿ ಕೆಲವು ಸೆಕೆಂಡ್ ಮೌನವಾದರೂ ಕರೆ ಉಳಿಯುವ ಸಂಭವವಿದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಮೀರಿ ಉದ್ದ ಮಾಡುವುದನ್ನು ನಾನು ಒಪ್ಪುವುದಿಲ್ಲ. ಹಲೋ ಹಲೋ ಎನ್ನುತ್ತ ಅರ್ಧ ನಿಮಿಷ ಕಾಯುವವರು ಯಾರೂ ಇಲ್ಲ, ಅವರೇ ಇಟ್ಟುಬಿಡುತ್ತಾರೆ.

ಉದ್ದದ ಸುರಂಗಕ್ಕೆ ಒಳಗೇ ಸಿಗ್ನಲ್ ಒಯ್ಯಬೇಕು. ಗೋಡೆಯುದ್ದಕ್ಕೂ ಹಾಯಿಸಿದ, ಅಲ್ಲಲ್ಲಿ ಸೀಳು ಬಿಟ್ಟು ಅಲೆಗಳನ್ನು ಸೋರಲು ಬಿಡುವ ಕೇಬಲ್ ಇದಕ್ಕೆ ಬಳಕೆಯಲ್ಲಿದೆ. ಹೀಗೆ ಮಾಡಿದಾಗ ದೋಷವು ಸುರಂಗದ ಒಳಗಿನಿಂದ ಬಾಯಿಗೆ ಸರಿಯಬಹುದು ಎಂಬುದನ್ನು ಮರೆಯಬಾರದು. ಕೇಬಲ್ಲಿನ ಸೆಲ್ ಬಾಯಿಯಲ್ಲೇ ಶುರುವಾಗಿ ಹೊರಗಿನ ಸೆಲ್ ಅಲ್ಲೇ ಮುಗಿದರೆ, ಒಂದು ಸೆಕೆಂಡ್ ಬೇಡುವ ಹ್ಯಾಂಡ್‌ಓವರಿಗೆ ಅಲ್ಲಿ ಜಾಗವೇ ಸಿಗುವುದಿಲ್ಲ. ಗಂಟೆಗೆ 110 ಕಿಲೋಮೀಟರ್ ಓಡುವ ರೈಲಿಗೆ ಮೊದಲ ಪ್ರಯತ್ನ ತಪ್ಪಿದರೂ ಎರಡನೆಯದಕ್ಕೆ ಅವಕಾಶವಿರಲಿ ಎಂದು ಮೂರು ಸೆಕೆಂಡ್ ಕೊಡಬೇಕಾದರೆ ಬಾಯಿಯ ಹೊರಗೆ ಸುಮಾರು 90 ಮೀಟರ್ ದೂರದವರೆಗೆ ಒಳಗಿನ ಸೆಲ್ ಕಾಣಬೇಕು. ಅದಕ್ಕಾಗಿ ಬಾಯಿಯಲ್ಲಿ ಹೊರಮುಖವಾಗಿ ಒಂದು ಆಂಟೆನಾ ನಿಲ್ಲಿಸುತ್ತಾರೆ. ಇನ್ನೊಂದು ದಾರಿ, ಹೊರಗಿನ ಸೆಲ್ಲನ್ನೇ, ಸಿಗ್ನಲ್ ಹಿಡಿದು ಬಲಗೊಳಿಸಿ ಮತ್ತೆ ಕಳುಹಿಸುವ ರಿಪೀಟರ್ ಮೂಲಕ, ಒಳಕ್ಕೆ ಹಾಯಿಸುವುದು. ಆಗ ಬಾಯಿಯಲ್ಲಿ ಹ್ಯಾಂಡ್‌ಓವರಿನ ಅಗತ್ಯವೇ ಬೀಳುವುದಿಲ್ಲ.

ಕೆಲಸ ಮುಗಿಯಿತು ಎಂದು ಅವರು ತಿಳಿಸಿದ ಮೇಲೆ ಅದೇ ಕಿಟಕಿಯ ಪಕ್ಕ ಕುಳಿತು ಅದೇ ಪುಟವನ್ನು ತೆರೆದು ನೋಡಬೇಕು. ಬಾಯಿಗೆ ಬರುವ ಮುನ್ನವೇ 212 ಹೋಗಿ ಬೇರೆ ಸಂಖ್ಯೆ ಬಂದು ಆಚೆ ಬಾಯಿಯವರೆಗೆ ಉಳಿದರೆ ಒಳಗೊಂದು ಹೊಸ ಸೆಲ್ ಬಂದಿದೆ, ಅದು ಹೊರಗಿನವರೆಗೂ ಚಾಚಿದೆ ಎಂದರ್ಥ. ಒಳಗೂ 212 ಉಳಿದು, ಆಚೆ ಬದಿಯ ಬಯಲಿನಲ್ಲಿ 87ಕ್ಕೆ ಬದಲಾದರೆ ರಿಪೀಟರ್ ಕೆಲಸ ಮಾಡುತ್ತಿದೆ. ಸಂಖ್ಯೆ ಬಾಯಿಯ ಒಳಗೆ ಹೊಕ್ಕ ಮೇಲೆ ಬದಲಾಗುತ್ತಿದ್ದರೆ, ಆ ದಿನ ಕರೆ ಉಳಿದಿದ್ದರೂ, ಅಂಕಿಗಳನ್ನು ಬರೆದು ಮತ್ತೆ ಕಳುಹಿಸಬೇಕು. ಎಸಿ ಬೋಗಿಯಲ್ಲಿ ಕುಳಿತವರ ಕರೆ ಅಲ್ಲಿ ಇನ್ನೂ ಕಡಿಯುತ್ತಿರುತ್ತದೆ.